ಬಾಗಿಲು ಹಾಕಿ ಫ್ಯಾನ್ ಬಿಟ್ರೆ ಯುನಿಫಾರ್ಮ್ ಒಣಗುದಿಲ್ಲ ಮಾರಾಯ್ರೆ

ಜೂನಲ್ಲಿ ಶಾಲೆ ಶುರುವಾಗಿ ಹತ್ತು ದಿನ ಆಗಿರ್ಲಿಕ್ಕಿಲ್ಲ, ಬದಿಯಡ್ಕ ಕಡೆಯ ಒಬ್ರು ಟೀಚರ್ ಎರಡು ಚೀಲ ಬಟ್ಟೆ ತಂದು ನಮ್ಮ ಲಾಂಡ್ರಿ ಮೇಜಿನ ಮೇಲಿಟ್ರು. "ಅಣ್ಣಾ, ಇದು ಒಗ್ದದ್ದೇ, ಎರಡೆರಡು ಸಲ ಒಗ್ದಿದ್ದೇನೆ, ಮಕ್ಕಳು ಹಾಕ್ಕೊಂಡು ಸ್ವಲ್ಪ ಬೆವರಿದ್ರೆ ಸಾಕು, ಮುಗ್ಗಿದ ವಾಸನೆ ಬರ್ತದೆ, ಎಂತ ಮಾಡುದು?" ಮೂಸಿ ನೋಡಿದೆ, ಒಣಗಿದ ಬಟ್ಟೆಯಲ್ಲಿ ಎಂತದೂ ಇಲ್ಲ. ಕಾಲರಿಗೆ ನಾಲ್ಕು ಹನಿ ನೀರು ಹಾಕಿ ಉಜ್ಜಿ ಮೂಸಿದ್ರೆ ಬಂತು ನೋಡಿ.

ಎಲ್ಲಿ ಒಣಗಿಸ್ತೀರಿ ಅಂತ ಕೇಳಿದೆ. ಹತ್ತಡಿ ಹತ್ತಡಿಯ ರೂಮು, ಎರಚಲು ಬರ್ತದೆ ಅಂತ ಕಿಟಕಿ ಬಾಗಿಲು ಎಲ್ಲ ಹಾಕಿ, ಸೀಲಿಂಗ್ ಫ್ಯಾನ್ ಫುಲ್ ಬಿಟ್ಟು ಮಲಗುದಂತೆ. ನಮ್ಮಲ್ಲಿ ಹತ್ತರಲ್ಲಿ ಎಂಟು ಮನೆಯಲ್ಲಿ ಹೀಗೇ. ಆದ್ರೆ ಲೆಕ್ಕ ಹಾಕಿ ನೋಡಿ, ಮಳೆಗಾಲದಲ್ಲಿ ನಮ್ಮ ಗಾಳಿ ಮೊದಲೇ ನೀರು ಕುಡಿದು ಹೊಟ್ಟೆ ತುಂಬಿ ಕೂತಿರ್ತದೆ, ಆರ್ದ್ರತೆ ಶೇಕಡಾ 90ರ ಹತ್ರ. ಅಷ್ಟು ದೊಡ್ಡ ರೂಮಿನ ಗಾಳಿಗೆ ಇನ್ನು ಹಿಡಿಯುವ ನೀರು ಎಷ್ಟು ಅಂದ್ರೆ ಸುಮಾರು 70 ಮಿಲಿ, ಒಂದು ಸಣ್ಣ ಗ್ಲಾಸು ಚಾ ಅಷ್ಟೂ ಇಲ್ಲ. ಮೂರು ಮಕ್ಕಳ ಯುನಿಫಾರ್ಮು, ಎರಡು ಟವೆಲು ಸೇರಿ ಎರಡೂವರೆ ಕಿಲೋ ಬಟ್ಟೆ ಆದ್ರೆ, ಮೆಷಿನ್‌ನಲ್ಲಿ ಸ್ಪಿನ್ ಮಾಡಿ ತೆಗೆದ ಮೇಲೂ ಅದ್ರಲ್ಲಿ ಒಂದೂವರೆ ಲೀಟರ್ ನೀರು ಇರ್ತದೆ. ಅಂದ್ರೆ ಆ ರೂಮಿನ ಗಾಳಿ ಪೂರ್ತಿ ಇಪ್ಪತ್ತಕ್ಕಿಂತ ಜಾಸ್ತಿ ಸಲ ಹೊರಗೆ ಹೋಗಿ ಬೇರೆ ಬರ್ಬೇಕು. ಬಾಗಿಲು ಹಾಕಿದ ಮೇಲೆ ಫ್ಯಾನು ಮಾಡುದು ಅದೇ ಚಂಡಿ ಗಾಳಿಯನ್ನು ತಿರುಗಿಸುದು ಅಷ್ಟೇ. ಹೊರಗಿನ ಗಾಳಿಯೂ ಚಂಡಿಯೇ ಅಲ್ವಾ ಅಂತ ಟೀಚರ್ ಕೇಳಿದ್ರು. ಹೌದು, ಆದ್ರೆ ಅದು 90, ನಿಮ್ಮ ರೂಮಿನೊಳಗಿನದ್ದು ಅರ್ಧ ಗಂಟೆಯಲ್ಲಿ 100ರ ಹತ್ರ ಹೋಗಿರ್ತದೆ, ಆ ಹತ್ತರ ವ್ಯತ್ಯಾಸದಲ್ಲೇ ಬಟ್ಟೆ ಒಣಗ್ಬೇಕು. (ಎಸಿ ಇರುವ ಮನೆಯಾದ್ರೆ ಉಲ್ಟಾ, ಡ್ರೈ ಮೋಡ್‌ನಲ್ಲಿಟ್ಟು ಬಾಗಿಲು ಹಾಕ್ಬೇಕು, ಅದು ನೀರನ್ನು ಪೈಪಲ್ಲಿ ಹೊರಗೆ ಬಿಡ್ತದೆ.)

ವಾಸನೆ ಯಾಕೆ ಬರುದು ಅಂದ್ರೆ ಬಟ್ಟೆ ಜಾಸ್ತಿ ಹೊತ್ತು ಚಂಡಿ ಇದ್ದದ್ದಕ್ಕೆ. ಮೊರಾಕ್ಸೆಲ್ಲ ಅಂತ ಒಂದು ಬ್ಯಾಕ್ಟೀರಿಯಾ, 2012ರಲ್ಲಿ ಜಪಾನಿನ ಸಂಶೋಧಕರು ಈ ವಾಸನೆಗೆ ಮುಖ್ಯ ಕಾರಣ ಅದು ಅಂತ ತೋರಿಸಿದ್ರು, ಬಟ್ಟೆ ಒಣಗಿದ್ರೂ ಅದು ಸಾಯುದಿಲ್ಲ, ಪುನಃ ಚಂಡಿ ಆದ ಕೂಡ್ಲೇ ಎದ್ದು ಕೂರ್ತದೆ. ಟೀಚರ ಬಟ್ಟೆಯಲ್ಲಿ ಆದದ್ದು ಅದೇ. ಅದಕ್ಕೆ ಸೋಪಿನ ಪುಡಿ ಜಾಸ್ತಿ ಹಾಕಿ ಪ್ರಯೋಜನ ಇಲ್ಲ, ಉಳಿದ ಪುಡಿ ಬಟ್ಟೆಯಲ್ಲೇ ಕೂತು ಇನ್ನೂ ಅಂಟಂಟು ಆಗ್ತದೆ. ಬಿಸಿನೀರು ಬೇಕು. ಬಕೆಟಿನಲ್ಲಿ ಮೊದಲು ಅರ್ಧ ತಣ್ಣೀರು, ಅದಕ್ಕೆ ಅಷ್ಟೇ ಕುದಿಯುವ ನೀರು ಜಾಗ್ರತೆಯಿಂದ ಹೊಯ್ದರೆ 60 ಡಿಗ್ರಿಯ ಹತ್ರ ಬರ್ತದೆ, ಬಟ್ಟೆ ಹಾಕಿ ಮುಚ್ಚಿ ಅರ್ಧ ಗಂಟೆ ಬಿಟ್ಟು ಆಮೇಲೆ ಒಗೀರಿ. ಹತ್ತಿಗೂ ಸಾಧಾರಣ ಯುನಿಫಾರ್ಮ್ ಬಟ್ಟೆಗೂ ಇದು ಆಗ್ತದೆ, ಉಲ್ಲನ್ನು, ಇಲಾಸ್ಟಿಕ್ಕು, ಬಣ್ಣ ಬಿಡುವ ಬಟ್ಟೆ ಹಾಕ್ಬೇಡಿ.

ಇನ್ನು ಒಣಗಿಸುದು. ಟೀಚರ ಮನೆಗೆ ಹೋಗಿಯೇ ನೋಡಿದೆ, ಹೇಗೂ ದಾರಿಯಲ್ಲೇ. ನಮ್ಮ ಮಳೆಗಾಳಿ ಬರುದು ಪಡುವಣದಿಂದ, ಹಾಗಾಗಿ ಮೂಡು ಬದಿಯ ಕಿಟಕಿ ತೆಗೆದ್ರೆ ಹೆಚ್ಚಾಗಿ ಎರಚಲು ಬರುದಿಲ್ಲ. ಅದನ್ನು ತೆಗೆಸಿದೆ, ಎದುರಿನ ಬಾಗಿಲು ಒಂದು ಗೇಣು ಬಿಡಿಸಿದೆ. ಅಡಿಗೆಕೋಣೆ ಬದಿಯ ಬಾಗಿಲು ಮಾತ್ರ ಹಾಕಿಸಿದೆ, ಕುಚ್ಚಲಕ್ಕಿ ಗಂಜಿ ಒಂದು ಗಂಟೆ ಕುದೀತದಲ್ಲ, ಆ ಹಬೆ ಪೂರ್ತಿ ಶರ್ಟಿನ ಮೇಲೆ ಬರ್ತಾ ಇತ್ತು. ಟೇಬಲ್ ಫ್ಯಾನನ್ನು ಸ್ಟೂಲಿನ ಮೇಲಿಟ್ಟು ಬಟ್ಟೆಯ ಸಾಲಿನ ಒಂದು ತುದಿಯಲ್ಲಿ ನಿಲ್ಲಿಸಿದೆ, ಕಿಟಕಿಗೆ ಮುಖ ಮಾಡಿ. ಶರ್ಟಿನ ಎದೆಗೆ ಗಾಳಿ ಹೊಡೀಬಾರ್ದು, ಮೊದಲನೇ ಶರ್ಟು ಗೋಡೆ ಹಾಗೆ ನಿಂತು ಹಿಂದಿನದ್ದಕ್ಕೆ ಏನೂ ಸಿಗುದಿಲ್ಲ. ಶರ್ಟಿನ ಬದಿಗೆ ಗಾಳಿ ಬಂದು ಎರಡರ ಮಧ್ಯೆ ಹಾದು ಹೋಗ್ಬೇಕು, ಮಧ್ಯೆ ನಾಲ್ಕು ಬೆರಳು ಜಾಗ.

ಕ್ರಮದಲ್ಲಿ ಎಲ್ಲರೂ ಎಡವುದು ಇಲ್ಲಿ: ಕೈಗೆ ಸಿಕ್ಕಿದ್ದು ಮೊದಲು ಹಾಕ್ತಾರೆ. ಪ್ಯಾಂಟು, ಟವೆಲು ಫ್ಯಾನಿಗೆ ಹತ್ರ ಹಾಕಿ, ಶಾಲು, ಸಾಕ್ಸು, ತೆಳು ಶರ್ಟು ದೂರ. ಪ್ಯಾಂಟನ್ನು ಒಳಮೈ ಹೊರಗೆ ಮಾಡಿ, ಕಿಸೆ ಎಳ್ದು, ಸೊಂಟವನ್ನು ಉರುಟಾಗಿ ಕ್ಲಿಪ್ ಹಾಕಿ ತೂಗಾಡಿಸಿದ್ರೆ ಪೈಪಿನ ಹಾಗೆ ಗಾಳಿ ಒಳಗೆ ಹೋಗ್ತದೆ. ಮೂರು ಗಂಟೆ ಕಳೆದ ಮೇಲೆ ಒಣಗಿದ ತೆಳು ಬಟ್ಟೆ ತೆಗೆದು ಉಳಿದದ್ದನ್ನು ಅಗಲಿಸಿ, ಇದನ್ನು ಮಾಡದೆ ಮಲಗಿದ್ರೆ ಬೆಳಿಗ್ಗೆ ಪ್ಯಾಂಟಿನ ಸೊಂಟ ಚಂಡಿಯೇ. ಒಣಗಿದೆಯಾ ಅಂತ ಗೊತ್ತಾಗ್ಲಿಕ್ಕೆ ಕೆನ್ನೆಗೆ ಹಿಡೀರಿ, ತಣ್ಣಗಾದ್ರೆ ಇನ್ನೂ ನೀರು ಉಂಟು, ಆವಿ ಆಗುವಾಗ ಬಟ್ಟೆ ತಣ್ಣಗಾಗ್ತದೆ, ಕೈಗಿಂತ ಕೆನ್ನೆಗೆ ಬೇಗ ಗೊತ್ತಾಗುದು. ಈ ಹವೆಯಲ್ಲಿ ಹತ್ತಿ ಬಟ್ಟೆ ಬೇಸಿಗೆಯ ಹಾಗೆ ಗರಿಗರಿ ಆಗುದೇ ಇಲ್ಲ, ಆ ಕೊನೆಯ ಪಸೆಗೆ ಇಸ್ತ್ರಿ, ಆದ್ರೆ ಪೂರ್ತಿ ಚಂಡಿ ಬಟ್ಟೆಗೆ ಇಸ್ತ್ರಿ ಹಾಕಿ ಕಪಾಟಿಗೆ ತುರುಕಬೇಡಿ, ಇಸ್ತ್ರಿ ಆದದ್ದು ಹತ್ತು ನಿಮಿಷ ತಣಿಯಲಿ.

ಶೂ ಬೇರೆ ಕಥೆ. ಅದ್ರ ಬೆರಳಿನ ತುದಿಗೆ ಫ್ಯಾನಿನ ಗಾಳಿ ಹೋಗುದೇ ಇಲ್ಲ, ಅದಕ್ಕೇ ಪೇಪರು. ನಾನು ಒಂದು ಸಲ ಅಡಿಗೆ ತಕ್ಕಡಿಯಲ್ಲಿಟ್ಟು ನೋಡಿದ್ದೆ, ಮಗನ ಒಂದು ಶೂ ಒಣಗಿದ್ದು 310 ಗ್ರಾಂ, ತೋಡು ದಾಟಿ ಬಂದದ್ದು 405. ಲೇಸು ಬಿಚ್ಚಿ, ಒಳಗಿನ ಸೋಲು ತೆಗೆದು ಬೇರೆ ಇಟ್ಟು, ನ್ಯೂಸ್‌ಪೇಪರ್ ಹರಿದು ಸಡಿಲ ಉಂಡೆ ಮಾಡಿ ತುದಿ ತನಕ ತುರುಕಿದೆ. ಒಂದು ಗಂಟೆಯಲ್ಲಿ ಪೇಪರು ಮುದ್ದೆ, ಶೂ 360ಕ್ಕೆ ಬಂತು. ಪೇಪರ್ ಬದಲಿಸಿ ಎರಡು ಗಂಟೆ, ಆಮೇಲೆ ಪೇಪರ್ ಪೂರ್ತಿ ತೆಗೆದು ಬಾಯಿ ಫ್ಯಾನಿಗೆ ಮಾಡಿ ಓರೆಯಾಗಿ ಇಟ್ಟೆ, ಬೆಳಿಗ್ಗೆ 320. ತಪ್ಪು ಆಗುದು ರಾತ್ರಿಯಿಡೀ ಅದೇ ಚಂಡಿ ಪೇಪರ್ ಬಿಡುದ್ರಲ್ಲಿ, ನೀರು ಎಳೆದ ಪೇಪರು ಆಮೇಲೆ ಗಾಳಿಗೆ ಅಡ್ಡ ಬೂಚು. ಬಿಳಿ ಶೂಗೆ ನ್ಯೂಸ್‌ಪೇಪರಿನ ಮಸಿ ಹಿಡೀತದೆ, ಹಳೇ ನೋಟ್‌ಬುಕ್ ಹಾಳೆ ಹಾಕಿ.

ಬಚ್ಚಲು ಒಲೆ ಇರುವ ಮನೆಯಲ್ಲಿ ಬಟ್ಟೆಗೆ ಅದ್ರಷ್ಟು ಒಳ್ಳೇದು ಬೇರೆ ಇಲ್ಲ. ಗಾಳಿ 26 ಡಿಗ್ರಿಯಿಂದ 32ಕ್ಕೆ ಬಿಸಿಯಾದ್ರೆ ಆರ್ದ್ರತೆ 90ರಿಂದ 65ರ ಹತ್ರ ಇಳೀತದೆ, ಅಜ್ಜಿಯಂದಿರು ಒಲೆ ಮೇಲೆ ಬಳ್ಳಿ ಕಟ್ಟಿದ್ದು ಸುಮ್ಮನೆ ಅಲ್ಲ, ಕರೆಂಟು ಹೋದ ರಾತ್ರಿಗೂ ಅದೇ ಗತಿ. ಸ್ನಾನ ಎಲ್ಲ ಮುಗಿದು ಹಬೆ ಹೊರಗೆ ಹೋದ ಮೇಲೆ, ಬರೀ ಕೆಂಡ ಉಳಿದಾಗ ಹಾಕಿ, ಇಲ್ಲದಿದ್ರೆ ಮಗು ಶಾಲೆಗೆ ಹೊಗೆ ವಾಸನೆಯಲ್ಲಿ ಹೋಗುದು. ಶೂ ಮಾತ್ರ ಒಲೆ ಹತ್ರ ಇಡ್ಬೇಡಿ, ಗಮ್ಮು ಬಿಟ್ಟು ಅಡಿ ಬಾಯಿ ತೆರೀತದೆ, ಹಾಗೆ ಆದದ್ದು ಜುಲೈಯಲ್ಲಿ ವಾರಕ್ಕೆ ಎರಡು ಮೂರು ಜೊತೆ ನಮ್ಮ ಪಕ್ಕದ ಚಪ್ಪಲಿ ಹೊಲಿಯುವವರ ಹತ್ರ ಬರ್ತದೆ.