‘ಊರಲ್ಲಿಲ್ಲ’ ಎಂದು ಬರೆದ ಮಗು ಎಲ್ಲಿದೆ?

ಗುರುವಾರದ ಲಸಿಕಾ ಸತ್ರ ಮುಗಿದ ಮೇಲೆ ನನ್ನ ಮೇಜಿಗೆ ಬರುವ ಫಲಾನುಭವಿಗಳ ಪಟ್ಟಿಯಲ್ಲಿ ನಾನು ಮೊದಲು ನೋಡುವುದು ಕೊನೆಯ ಷರಾ ಕಾಲಂ. ಎಷ್ಟು ಮಕ್ಕಳಿಗೆ ಲಸಿಕೆ ಹಾಕಿದರು ಎಂಬುದು ಹೇಗೂ ವರದಿಯಲ್ಲಿ ಬರುತ್ತದೆ. ನನ್ನ ತಾಳ್ಮೆ ಕೆಡಿಸುವುದು ಷರಾದಲ್ಲಿರುವ ‘ಊರಲ್ಲಿಲ್ಲ’ ಎಂಬ ಬರಹ. ಅದೇ ಮಗುವಿನ ಎದುರಿಗೆ ಹಿಂದಿನ ತಿಂಗಳೂ ಅದೇ ಇರುತ್ತದೆ, ಮುಂದಿನ ತಿಂಗಳೂ ಅದೇ ಇರುತ್ತದೆ. ಒಂದು ದಿನ ಹೆಸರೇ ಪಟ್ಟಿಯಿಂದ ಕಾಣೆಯಾಗುತ್ತದೆ.

ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನಲ್ಲಿ ನಡೆಯುವುದು ಯಾರಿಗೆ ಗೊತ್ತಿಲ್ಲ? ಆದರೆ ನಮ್ಮ ಪಟ್ಟಿಗಳಿಗೆ ಅದು ಗೊತ್ತಿರುವಂತೆ ಕಾಣುವುದಿಲ್ಲ. ಒಂದು ಮಗುವಿನ ದಾರಿ ನೋಡಿ. ತವರಿನ ತಾಲೂಕು ಆಸ್ಪತ್ರೆಯಲ್ಲಿ ಹುಟ್ಟಿತು, ಬಿಸಿಜಿ ಅಲ್ಲೇ ಆಯಿತು. ಆರನೇ ವಾರಕ್ಕೆ ಅಜ್ಜಿ ಎತ್ತಿಕೊಂಡು ಹೋಗಿ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಯ ಮೊದಲ ಡೋಸ್ ಹಾಕಿಸಿದರು. ಹತ್ತನೇ ವಾರಕ್ಕೆ ಮಗುವಿಗೆ ಶೀತವಿತ್ತು, ಮನೆಯವರು ಹೆದರಿ ಬಿಟ್ಟರು. (ಸಾಧಾರಣ ಶೀತ ಲಸಿಕೆಗೆ ಅಡ್ಡಿಯಲ್ಲ. ಜ್ವರ ಜೋರಾಗಿದ್ದರೆ ಅಥವಾ ಮಗು ಹಾಲು ಕುಡಿಯದಿದ್ದರೆ ವೈದ್ಯರಿಗೆ ತೋರಿಸಿ ತೀರ್ಮಾನಿಸಬೇಕು.) ಐದನೇ ತಿಂಗಳಲ್ಲಿ ತಾಯಿ ಮಗು ಗಂಡನ ಊರಿಗೆ ಬಂದರು. ತವರಿನ ಪಟ್ಟಿಯಲ್ಲಿ ‘ಊರಲ್ಲಿಲ್ಲ’. ಗಂಡನ ಊರಿನ ಪಟ್ಟಿಯಲ್ಲಿ ಹೆಸರೇ ಇಲ್ಲ, ಏಕೆಂದರೆ ಹೆರಿಗೆ ಅಲ್ಲಿ ದಾಖಲಾಗಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಹೋದಾಗ ಅತ್ತೆ ಹೇಳಿದ್ದು: “ತವರಿನಲ್ಲಿ ಎಲ್ಲ ಹಾಕಿಸಿದ್ದಾರಮ್ಮ.” ಅವರು ಸುಳ್ಳು ಹೇಳಿದ್ದಲ್ಲ. ತೊಡೆಗೆ ಸೂಜಿ ಚುಚ್ಚಿದ್ದು ಅವರಿಗೆ ಗೊತ್ತು, ಮೂರು ಸಲ ಚುಚ್ಚಬೇಕೆಂಬುದು ಗೊತ್ತಿಲ್ಲ.

ಆ ಮಗು ಸಿಕ್ಕಿದ್ದು ಅಂಗನವಾಡಿಯಲ್ಲಿ. ಬಾಣಂತಿಯ ಪೌಷ್ಟಿಕ ಆಹಾರಕ್ಕೆ ಹೆಸರು ಬರೆಸಲು ತಾಯಿ ಬಂದಿದ್ದಳು, ಆ ಪುಸ್ತಕಕ್ಕೂ ನಮ್ಮ ಪಟ್ಟಿಗೂ ತಾಳೆಯಾಗಲಿಲ್ಲ. ತಾಯಿ ಕಾರ್ಡ್ ತರಿಸಿ ನೋಡಿದರೆ ಒಂದೇ ಡೋಸಿನ ದಿನಾಂಕ. ಅಂದೇ ಎರಡನೆಯದು ಹಾಕಿ, ನಾಲ್ಕು ವಾರ ಬಿಟ್ಟು ಮೂರನೆಯದಕ್ಕೆ ದಿನ ಬರೆದುಕೊಟ್ಟೆವು. ತಡವಾಯಿತೆಂದು ಮೊದಲಿನಿಂದ ಶುರುಮಾಡಬೇಕಿಲ್ಲ. ಹಾಕಿದ ಡೋಸ್ ಲೆಕ್ಕದಲ್ಲೇ ಇರುತ್ತದೆ, ನಿಂತಲ್ಲಿಂದ ಮುಂದುವರಿಸಬೇಕು. ಇದನ್ನು ಎಷ್ಟು ಸಲ ಹೇಳಿದರೂ “ಇನ್ನು ಹಾಕಿಸಿ ಏನು ಪ್ರಯೋಜನ, ಡಾಕ್ಟರೇ?” ಎಂದು ಕೇಳುವವರು ಇದ್ದೇ ಇದ್ದಾರೆ.

ಹಾಗಾಗಿ ಪಟ್ಟಿಗೆ ನಾನು ಹೇಳುವ ನಿಯಮ ಒಂದೇ: ಮಗು ಈ ವಾರ ಯಾವ ಮನೆಯಲ್ಲಿ ಮಲಗುತ್ತಿದೆಯೋ ಆ ಊರಿನ ಪಟ್ಟಿಯಲ್ಲಿ ಅದರ ಹೆಸರಿರಬೇಕು. ಎಲ್ಲಿ ಹುಟ್ಟಿತು, ಅಪ್ಪನ ಆಧಾರ್ ಎಲ್ಲಿಯದು ಎಂಬುದು ಆಮೇಲೆ. ಇಟ್ಟಿಗೆ ಭಟ್ಟಿಯ ಗುಡಿಸಲು, ಕಬ್ಬು ಕಡಿಯಲು ಬಂದವರ ಡೇರೆಗಳಿಗೂ ಇದೇ ಮಾತು. ಹೊರಟುಹೋದ ಮಗುವಿನ ಷರಾದಲ್ಲಿ ಯಾವ ಊರಿಗೆ ಹೋಯಿತು, ತಾಯಿಯ ಮೊಬೈಲ್ ಸಂಖ್ಯೆ ಏನು, ಅಲ್ಲಿನ ಉಪಕೇಂದ್ರಕ್ಕೆ ಯಾರು ತಿಳಿಸಿದರು ಎಂಬುದಿರಲಿ.

ಪಟ್ಟಿ ಸೋರುತ್ತಿದೆಯೇ ಎಂದು ಕುಳಿತಲ್ಲೇ ತಿಳಿಯಬಹುದು. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನರಿಗೆ ಸುಮಾರು 16 ಹೆರಿಗೆ. 1,500 ಜನರ ಊರಿನಲ್ಲಿ ತಿಂಗಳಿಗೆ ಸರಾಸರಿ ಎರಡು. ಆರು, ಹತ್ತು, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು, ಒಂದೂವರೆ ವರ್ಷದ ಆಸುಪಾಸು ಎಂದು ಐದು ಭೇಟಿ ಹಿಡಿದರೆ ತಿಂಗಳಿಗೆ ಸುಮಾರು 10 ಮಕ್ಕಳು. ಚಿಕ್ಕ ಊರಿನಲ್ಲಿ ಏರುಪೇರು ಇರುತ್ತದೆ, ಒಂದು ತಿಂಗಳು ಏಳು ಬಂದರೆ ಗಾಬರಿಯಿಲ್ಲ. ಸತತವಾಗಿ ನಾಲ್ಕೇ ಬರುತ್ತಿದ್ದರೆ ಉಳಿದವರನ್ನು ನಾವು ಬರೆದಿಲ್ಲವೆಂದೇ ಅನುಮಾನಿಸಬೇಕು.

ಪಟ್ಟಿಯ ತಪ್ಪು ಲಸಿಕೆ ಒಯ್ಯುವ ತಂಪು ಪೆಟ್ಟಿಗೆಗೂ, ಅಂದರೆ ವ್ಯಾಕ್ಸಿನ್ ಕ್ಯಾರಿಯರ್‌ಗೂ ಹೋಗುತ್ತದೆ. ಎಷ್ಟು ಸೀಸೆ ತುಂಬಬೇಕೆಂಬುದು ಪಟ್ಟಿಯಿಂದಲೇ ತಾನೇ? ದಡಾರ-ರುಬೆಲ್ಲಾ ಲಸಿಕೆಯ ಪುಡಿಗೆ ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ, ಸತ್ರ ಬೇಗ ಮುಗಿದರೆ ಅಲ್ಲಿಗೇ, ಉಳಿದದ್ದನ್ನು ಬಿಸಾಡಬೇಕು. ಐದು ಡೋಸಿನ ಸೀಸೆ ಒಂದೇ ಮಗುವಿಗೆ ತೆರೆಯಲು ಸಿಸ್ಟರ್‌ಗಳಿಗೆ ಕೈ ಬರುವುದಿಲ್ಲ, “ಮುಂದಿನ ತಿಂಗಳು ಬನ್ನಿ” ಎನ್ನುತ್ತಾರೆ. ಸರ್ಕಾರದ ಸೂಚನೆಯೇ ಒಂದು ಮಗುವಿದ್ದರೂ ತೆರೆಯಿರಿ ಎಂದಿದೆ. ಉಳಿದ ನಾಲ್ಕು ಡೋಸ್ ಹೋದರೆ ಹೋಗಲಿ. ಕೂಲಿ ಬಿಟ್ಟು ಬಂದ ತಾಯಿ ಇನ್ನೊಮ್ಮೆ ಬರುತ್ತಾಳೆ ಎಂಬ ಭರವಸೆ ಯಾರಿಗಿದೆ?

ಕ್ಯಾರಿಯರ್ ವಿಷಯದಲ್ಲಿ ಇನ್ನೊಂದು ಮಾತು. ಬಿಸಿಲಿಗೆ ಎಲ್ಲರೂ ಹೆದರುತ್ತಾರೆ, ಹೆಪ್ಪಿಗೆ ಯಾರೂ ಹೆದರುವುದಿಲ್ಲ. ಡೀಪ್ ಫ್ರೀಜರ್‌ನಿಂದ ತೆಗೆದ ನಾಲ್ಕು ಐಸ್ ಪ್ಯಾಕ್‌ಗಳನ್ನು ಹಾಗೇ ತುರುಕಿದರೆ ಒಳಗಿನ ಪೆಂಟಾವೇಲೆಂಟ್ ಹೆಪ್ಪುಗಟ್ಟಿ ಕೆಡುತ್ತದೆ, ಸೀಸೆಯ ಮೇಲಿನ ಬಣ್ಣದ ಗುರುತು ಅದನ್ನು ತೋರಿಸುವುದಿಲ್ಲ, ಅದು ತೋರಿಸುವುದು ಶಾಖವನ್ನು ಮಾತ್ರ. ಪ್ಯಾಕ್ ಹೊರಗಿಟ್ಟು ಮೈ ಬೆವರುವವರೆಗೆ, ಕಿವಿಯ ಬಳಿ ಅಲುಗಾಡಿಸಿದರೆ ಒಳಗೆ ನೀರು ಸದ್ದು ಮಾಡುವವರೆಗೆ ಕಾಯಬೇಕು. ಬೆಳಗಿನ ಅವಸರದಲ್ಲಿ ಇದು ತಪ್ಪುವುದೇ ಹೆಚ್ಚು, ಅದಕ್ಕೇ ಗುರುವಾರ ನಮ್ಮ ಕೇಂದ್ರದಲ್ಲಿ ಬಾಗಿಲು ತೆರೆದವರ ಮೊದಲ ಕೆಲಸ ಪ್ಯಾಕ್‌ಗಳನ್ನು ಮೇಜಿನ ಮೇಲೆ ಹರಡುವುದು.

ಸೊಸೆಯನ್ನು, ಮಗುವನ್ನು ಮನೆಗೆ ಕರೆತರುವವರಿಗೂ ಒಂದು ವಿನಂತಿ. ತೊಟ್ಟಿಲು, ಬಟ್ಟೆಗಳ ಜೊತೆ ತಾಯಿ ಕಾರ್ಡ್ ಗಾಡಿ ಹತ್ತಿತೇ ನೋಡಿ. ಮರೆತು ಬಂದಿದ್ದರೆ ತವರಿನವರಿಗೆ ಹೇಳಿ ಕಾರ್ಡಿನ ಫೋಟೋ ತರಿಸಿಕೊಳ್ಳಿ, ಸತ್ರದ ದಿನ ಅದನ್ನೇ ತೋರಿಸಿದರೂ ನಡೆಯುತ್ತದೆ.