ಬ್ಯಾಕ್‌ಗ್ರೌಂಡ್ ತೆಗೆದರೆ ಗೊಂಬೆ ಗಾಳಿಯಲ್ಲಿ ತೇಲುತ್ತದೆ, ಏನು ಮಾಡಲಿ?

ಪ್ರಶ್ನೆ: ಚನ್ನಪಟ್ಟಣದ ಮರದ ಗೊಂಬೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಬ್ಯಾಕ್‌ಗ್ರೌಂಡ್ ತೆಗೆದು ಬಿಳಿ ಮಾಡಿದರೆ ಗೊಂಬೆ ತೇಲುತ್ತಿರುವ ಹಾಗೆ ಕಾಣುತ್ತದೆ. ನೆರಳು ಸೇರಿಸಿದರೆ ಒಂದೊಂದು ಫೋಟೋದಲ್ಲಿ ಒಂದೊಂದು ಥರ. ಇಡೀ ಕ್ಯಾಟಲಾಗ್‌ಗೆ ಒಂದೇ ರೀತಿ ಬರುವಂತೆ ಮಾಡುವುದು ಹೇಗೆ?

ಉತ್ತರ: ಮೊದಲಿಗೆ, ನೆರಳನ್ನು ಅಳಿಸಿ ಮತ್ತೆ ಹೊಸದಾಗಿ ಬರೆಯುವ ಕೆಲಸವನ್ನೇ ಬಿಡಿ. ಫೋಟೋದಲ್ಲಿ ಒಳ್ಳೇ ನೆರಳು ಆಗಲೇ ಇದೆ ಅಲ್ವಾ, ಅದನ್ನೇ ಉಳಿಸಿಕೊಳ್ಳೋಣ. ಸಾಫ್ಟ್‌ವೇರ್‌ನಲ್ಲಿ ಸಿಗುವ Drop Shadow ಇದಕ್ಕೆ ಬರುವುದಿಲ್ಲ. ಅದು ಗೊಂಬೆಯ ಆಕಾರವನ್ನೇ ಕಪ್ಪು ಮಾಡಿ ಹಿಂದೆ ಸರಿಸುತ್ತದೆ ಅಷ್ಟೇ, ಹಾಗಾಗಿ ಗೋಡೆಗೆ ಅಂಟಿಸಿದ ಸ್ಟಿಕ್ಕರ್ ಥರ ಕಾಣುತ್ತದೆ. ನಿಮ್ಮ ಗೊಂಬೆ ನಿಂತಿರುವುದು ನೆಲದ ಮೇಲೆ.

ಕೆಲಸದ ಮುಕ್ಕಾಲು ಪಾಲು ಫೋಟೋ ತೆಗೆಯುವಾಗಲೇ ಮುಗಿಯಬೇಕು. ಬಿಳಿ ಚಾರ್ಟ್ ಪೇಪರನ್ನು ಹಿಂದೆ ಮಡಿಕೆ ಬೀಳದಂತೆ ಬಾಗಿಸಿ ಮೇಲಕ್ಕೆ ಅಂಟಿಸಿ. ಲೈಟ್ ಎಡಗಡೆ ಇಟ್ಟರೆ ಎಲ್ಲ ಗೊಂಬೆಗೂ ಎಡಗಡೆಯೇ, ದೂರವೂ ಅಷ್ಟೇ ಇರಲಿ. ಲೈಟ್ ಹತ್ತಿರ ತಂದರೆ ನೆರಳಿನ ಅಂಚು ಮೆತ್ತಗಾಗುತ್ತದೆ, ದೂರ ಒಯ್ದರೆ ಗಟ್ಟಿಯಾಗುತ್ತದೆ. ಕ್ಯಾಮೆರಾದ ಎಕ್ಸ್‌ಪೋಶರ್ ಮತ್ತು ವೈಟ್ ಬ್ಯಾಲೆನ್ಸ್ ಎರಡನ್ನೂ ಲಾಕ್ ಮಾಡಿ. ಕಿಟಕಿ ಬೆಳಕನ್ನು ನಂಬಿದರೆ ಬೆಳಿಗ್ಗೆ ತೆಗೆದ ಕುದುರೆಗೂ ಸಂಜೆ ತೆಗೆದ ಬುಗುರಿಗೂ ನೆರಳು ಹೊಂದುವುದಿಲ್ಲ.

ಈಗ ಒಂದು ಕೆಂಪು ರೈಲಿನ ಫೋಟೋ ತೆಗೆದುಕೊಳ್ಳೋಣ. ಉಚಿತವಾಗಿ ಸಿಗುವ GIMP ಸಾಕು. ಫೋಟೋ ಲೇಯರನ್ನು ಡೂಪ್ಲಿಕೇಟ್ ಮಾಡಿ, ಎಲ್ಲಕ್ಕಿಂತ ಕೆಳಗೆ ಪೂರ್ತಿ ಬಿಳಿಯ ಇನ್ನೊಂದು ಲೇಯರ್ ಹಾಕಿ. ಮೇಲಿನದರಲ್ಲಿ ರೈಲನ್ನು Paths ಟೂಲ್‌ನಿಂದ ಸುತ್ತಿ, ಸೆಲೆಕ್ಷನ್ ಮಾಡಿ, ಅಂಚನ್ನು 1 ಪಿಕ್ಸೆಲ್ ಫೆದರ್ ಮಾಡಿ, Selection ಆಯ್ಕೆ ಆರಿಸಿ ಲೇಯರ್ ಮಾಸ್ಕ್ ಹಾಕಿ. ಗಾಲಿಗಳ ನಡುವಿನ ಸಂದನ್ನು ಮರೆಯಬೇಡಿ, ಸುಮಾರು ಜನ ಅಲ್ಲೇ ಎಡವುತ್ತಾರೆ: ಆ ಸಂದಿನಲ್ಲಿ ಹಳೇ ಪೇಪರಿನ ಬೂದು ಬಣ್ಣ ಹಾಗೇ ಉಳಿದುಬಿಡುತ್ತದೆ.

ನಡುವಿನ ಲೇಯರ್ ನೆರಳಿನದು. ರೈಲಿನ ಸುತ್ತ ಮಾಡಿದ ಸೆಲೆಕ್ಷನ್ ತೆಗೆದುಹಾಕಿ, ಮೊದಲು ಈ ಲೇಯರನ್ನು Desaturate ಮಾಡಿ. ಯಾಕೆಂದರೆ ಅರಗಿನ ಕೆಂಪು ಹೊಳಪು ಪೇಪರಿನ ಮೇಲೆ ಬಿದ್ದು ನೆರಳಿಗೇ ಗುಲಾಬಿ ಬಣ್ಣ ಬಂದಿರುತ್ತದೆ, ಹಳದಿ ಬುಗುರಿಯ ಪಕ್ಕ ಇಟ್ಟಾಗ ಅದು ಎದ್ದು ಕಾಣುತ್ತದೆ. ಆಮೇಲೆ Levels ತೆರೆದು Input Levels ಕೆಳಗಿನ ಬಲಗಡೆಯ ಬಿಳಿ ತ್ರಿಕೋನವನ್ನು ನಿಧಾನಕ್ಕೆ ಎಡಕ್ಕೆ ಎಳೆಯಿರಿ. ನೆರಳಿನ ಪಕ್ಕದ ಪೇಪರ್ 255 ಮುಟ್ಟಿದ ಕೂಡಲೇ ನಿಲ್ಲಿಸಿ. ಜಾಸ್ತಿ ಎಳೆದರೆ ನೆರಳಿನ ತೆಳು ಬಾಲ ಮೊದಲು ಹೋಗುತ್ತದೆ, ಗೊಂಬೆಯ ಬುಡದಲ್ಲಿ ಬರೀ ಒಂದು ಕಪ್ಪು ಗೆರೆ ಉಳಿಯುತ್ತದೆ. ಪೇಪರಿನ ದೂರದ ಮೂಲೆಗಳು ಇನ್ನೂ ಬೂದಾಗಿದ್ದರೆ ಅದಕ್ಕೋಸ್ಕರ ತ್ರಿಕೋನ ಎಳೆಯಬೇಡಿ, ಮೆತ್ತನೆಯ ಬ್ರಷ್‌ನಲ್ಲಿ ಬಿಳಿ ಬಳಿಯಿರಿ. ಕೊನೆಗೆ ಈ ಲೇಯರಿನ ಮೋಡ್ Multiply ಮಾಡಿ. ಆಗ ಬಿಳಿ ಮಾಯವಾಗುತ್ತದೆ, ಕಪ್ಪು ಮಾತ್ರ ಕೆಳಗಿನದರ ಮೇಲೆ ಬೀಳುತ್ತದೆ. ಕತ್ತರಿಸಿದ ಅಂಚಿನ ಕೆಳಗೆ ಅದೇ ರೈಲು ಇರುವುದರಿಂದ ಸುತ್ತ ಕಾಣುವ ಬಿಳಿ ಗೆರೆಯ ಕಾಟವೂ ಕಡಿಮೆ.

ಆ Levels ಸೆಟ್ಟಿಂಗನ್ನು ಪ್ರಿಸೆಟ್ ಆಗಿ ಉಳಿಸಿ, ಉಳಿದ ಎಲ್ಲ ಫೋಟೋಗೂ ಅದನ್ನೇ ಹಾಕಿ. ಎಕ್ಸ್‌ಪೋಶರ್ ಲಾಕ್ ಮಾಡಿ ಅಂದಿದ್ದು ಇದಕ್ಕೇ. ಪ್ರತಿ ಫೋಟೋಗೂ ಕಣ್ಣಂದಾಜಿನಲ್ಲಿ ಎಳೆದರೆ ಎಂದೂ ಒಂದೇ ಥರ ಬರುವುದಿಲ್ಲ.

ಹಳೇ ಫೋಟೋ, ಹೂವಿನ ಬೆಡ್‌ಶೀಟ್ ಮೇಲೆ ತೆಗೆದದ್ದು, ನೆರಳು ಉಪಯೋಗಕ್ಕೆ ಬಾರದು ಅಂದರೆ ಮಾತ್ರ ಕೈಯಿಂದ ಮಾಡಿ. ಆಗ ಎರಡು ನೆರಳು ಬೇಕು. ಒಂದು, ಗೊಂಬೆ ನೆಲ ಮುಟ್ಟುವ ಕಡೆ ಚಪ್ಪಟೆಯಾದ ಸಣ್ಣ ಕಪ್ಪು ಅಂಡಾಕಾರ. ಇನ್ನೊಂದು ಅದಕ್ಕಿಂತ ಅಗಲ, ತುಂಬಾ ತೆಳು, ಲೈಟಿನ ಎದುರು ದಿಕ್ಕಿಗೆ ಸ್ವಲ್ಪ ಸರಿದದ್ದು. 2000 ಪಿಕ್ಸೆಲ್‌ನ ಚೌಕ ಚಿತ್ರಕ್ಕೆ ಮೊದಲನೆಯದಕ್ಕೆ 8 ಪಿಕ್ಸೆಲ್ ಬ್ಲರ್, 55% ಒಪಾಸಿಟಿ, ಎರಡನೆಯದಕ್ಕೆ 40 ಪಿಕ್ಸೆಲ್ ಬ್ಲರ್, 20% ಇಟ್ಟು ಶುರು ಮಾಡಿ. ಅಂಡಾಕಾರದ ಅಗಲ ಗೊಂಬೆಯ ಬುಡಕ್ಕೆ ತಕ್ಕಂತೆ ಬದಲಾಗಲಿ, ಬ್ಲರ್ ಮತ್ತು ಒಪಾಸಿಟಿ ಬದಲಾಗಬಾರದು. ಮೊದಲು ಗೊಂಬೆಯ ಸೈಜ್ ಸರಿಮಾಡಿ, ಆಮೇಲೆ ನೆರಳು ಹಾಕಿ. ಉಲ್ಟಾ ಮಾಡಿದರೆ ದೊಡ್ಡದು ಮಾಡಿದ ಗೊಂಬೆಯ ಬ್ಲರ್ ಕೂಡ ಹಿಗ್ಗುತ್ತದೆ. ಅಮೆಜಾನ್‌ಗೆ ಹಾಕುವುದಾದರೆ ಮುಖ್ಯ ಚಿತ್ರದಲ್ಲಿ ವಸ್ತು ಫ್ರೇಮಿನ 85% ತುಂಬಬೇಕು, ಹಿನ್ನೆಲೆ ಅಪ್ಪಟ ಬಿಳಿ, ಅಂದರೆ 255, 255, 255 ಇರಬೇಕು.

ಆ ಬಿಳಿ ಕಣ್ಣಿಗೆ ಗೊತ್ತಾಗುವುದಿಲ್ಲ. 250 ಕೂಡ ಬಿಳಿ ಅಂತಲೇ ಕಾಣುತ್ತದೆ, ಆದರೆ ಬಿಳಿ ಪುಟದ ಮೇಲೆ ಕೂತಾಗ ಚಿತ್ರದ ಸುತ್ತ ಮಸುಕಾದ ಚೌಕ ಮೂಡುತ್ತದೆ. ಪರೀಕ್ಷೆ ಸುಲಭ: ಚಿತ್ರವನ್ನು ಫ್ಲಾಟನ್ ಮಾಡಿ Threshold ತೆರೆದು ಕೆಳಮಿತಿಯನ್ನು 255ಕ್ಕೆ ಇಡಿ. ಗೊಂಬೆ ಮತ್ತು ನೆರಳು ಮಾತ್ರ ಕಪ್ಪಾಗಿ ಕಾಣಬೇಕು. ಬೇರೆಡೆ ಚುಕ್ಕೆ ಅಥವಾ ಅಂಚಿನಲ್ಲಿ ನೇರ ಗೆರೆ ಕಂಡರೆ ಅಲ್ಲಿ ಕೊಳೆ ಉಳಿದಿದೆ ಅಂತ ಅರ್ಥ. ನೋಡಿಕೊಂಡು Undo ಮಾಡಿ.

ಪಾರದರ್ಶಕ PNG ಬೇಕಾದವರು ನೆರಳಿನ ಲೇಯರಿಗೆ Color to Alpha ಕೊಟ್ಟು ಬಿಳಿಯನ್ನು ಆರಿಸಿ, ಮೋಡನ್ನು Normal ಮಾಡಿ, ಕೆಳಗಿನ ಬಿಳಿ ಲೇಯರನ್ನು ಅಡಗಿಸಿ ಎಕ್ಸ್‌ಪೋರ್ಟ್ ಮಾಡಿ. Multiply ಅನ್ನುವುದು PNG ಒಳಗೆ ಉಳಿಯುವುದಿಲ್ಲ.