ಬೇವಿನ ಕಡ್ಡಿ ಒಂದೇ ಬೆಳಗಿಗೆ, ಮಿಸ್ವಾಕ್ ಹಲವು ದಿನಕ್ಕೆ: ಯಾಕೆ ಹೀಗೆ?

ರಂಜಾನ್ ಸಮಯದಲ್ಲಿ ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತ ಓಡಾಡಿದರೆ ಹಲ್ಲುಜ್ಜುವ ಮಿಸ್ವಾಕ್ ಕಡ್ಡಿ ಕಣ್ಣಿಗೆ ಬೀಳುತ್ತದೆ. ಒಂದು ಕೊಂಡರೆ ಹಲವು ದಿನ ಬರುತ್ತದೆ. ಬೇವಿನ ಕಡ್ಡಿ ಹಾಗಲ್ಲ. ಬೆಳಿಗ್ಗೆ ಮುರಿದು, ಉಜ್ಜಿ, ಎಸೆದರೆ ಮುಗಿಯಿತು.

ಈ ವ್ಯತ್ಯಾಸ ಹಳೆಯದು. ಹಲ್ಲುಕಡ್ಡಿ ಹನ್ನೆರಡು ಅಂಗುಲ ಉದ್ದ, ಕಿರುಬೆರಳಷ್ಟು ದಪ್ಪ ಇರಬೇಕು, ನೇರವಾಗಿರಬೇಕು, ಹುಳುಕಿರಬಾರದು ಎನ್ನುತ್ತದೆ ಸುಶ್ರುತ ಸಂಹಿತೆ. ಕಹಿ ಮರಗಳಲ್ಲಿ ಬೇವು ಶ್ರೇಷ್ಠ, ಒಗರಿನ ಮರಗಳಲ್ಲಿ ಕಗ್ಗಲಿ ಎಂದೂ ಹೇಳುತ್ತದೆ. ನಮ್ಮ ಕರಿಜಾಲಿ ಈ ಕಗ್ಗಲಿಯ ನೆಂಟ. ಅದರ ತೊಗಟೆಯಲ್ಲೂ ಒಗರು ಜಾಸ್ತಿ. ಬೇವು, ಕರಿಜಾಲಿ ಎರಡೂ ನಮ್ಮ ಬಯಲು ಸೀಮೆಯಲ್ಲಿ ಕೈಗೆ ಸಿಗುವ ಮರಗಳು, ದಿನಾ ಹಸಿ ಕಡ್ಡಿಗೆ ಬರವಿರಲಿಲ್ಲ.

ಮಿಸ್ವಾಕ್ ಒಣನಾಡಿನ ಗಿಡ. ಹೆಚ್ಚಾಗಿ ಬಳಸುವುದು ಅದರ ಬೇರನ್ನು. ಪ್ರವಾದಿ ಮುಹಮ್ಮದರ ರೂಢಿಯಾಗಿ ಅದು ಮುಸ್ಲಿಂ ಜಗತ್ತಿನ ಉದ್ದಗಲ ಹರಡಿತು. ಒಣಗಿದ ಬೇರು ಕೂಡ ನೀರಲ್ಲಿ ನೆನೆದರೆ ನಾರು ಮೆತ್ತಗಾಗುತ್ತದೆ. ಅದಕ್ಕೇ ಜೇಬಿನಲ್ಲಿಟ್ಟು ಊರೂರು ಸುತ್ತಬಹುದಾಗಿತ್ತು. ಒಣಗಿದ ಬೇವಿನ ಕಡ್ಡಿ ಅಷ್ಟು ಸುಲಭವಾಗಿ ಮೆತ್ತಗಾಗದೆ ಒಸಡಿಗೆ ಚುಚ್ಚುತ್ತದೆ.

ನನ್ನ ತಪ್ಪು ಇಲ್ಲೇ ಆಗಿದ್ದು. ವಾರಕ್ಕಾಗುವಷ್ಟು ಬೇವಿನ ಕಡ್ಡಿ ತಂದು ಬಚ್ಚಲಲ್ಲಿಟ್ಟೆ. ಮೂರನೇ ದಿನಕ್ಕೆ ನಾರು ಗಟ್ಟಿಯಾಗಿತ್ತು. ನಾನೋ ಗರಗಸದ ಹಾಗೆ ಅಡ್ಡಡ್ಡ ಉಜ್ಜುತ್ತಿದ್ದೆ. ಕೋರೆಹಲ್ಲಿನ ಬುಡದಲ್ಲಿ ಒಸಡು ಕಿತ್ತು ರಕ್ತ ಬಂತು.

ಈಗ ಮಾಡುವುದು ಹೀಗೆ. ವಾಹನಗಳ ಹೊಗೆ, ಧೂಳು ಬೀಳುವ ರಸ್ತೆಬದಿಯ ಮರ ಬೇಡ, ಔಷಧಿ ಹೊಡೆದ ಮರವೂ ಬೇಡ. ಗೆಳೆಯರ ಹಿತ್ತಲಲ್ಲಿ ಬೇವಿದೆ, ಕೇಳಿ ತರುತ್ತೇನೆ. ಹೆಬ್ಬೇವನ್ನು ಬೇವೆಂದು ಮುರಿಯುವವರಿದ್ದಾರೆ. ಬೇವಿನಲ್ಲಿ ಒಂದೇ ದಂಟಿನ ಎರಡೂ ಬದಿಗೆ ಗರಗಸದಂಚಿನ ಎಲೆಗಳಿರುತ್ತವೆ. ಹೆಬ್ಬೇವಿನ ದಂಟು ಮತ್ತೆ ಕವಲೊಡೆಯುತ್ತದೆ.

ಪೆನ್ಸಿಲ್ ದಪ್ಪದ ಕಡ್ಡಿ ತೊಳೆದು, ತುದಿಯ ಒಂದು ಸೆಂಟಿಮೀಟರ್ ಮಾತ್ರ ತೊಗಟೆ ಸುಲಿಯಬೇಕು. ಜಾಲಿಯಾದರೆ ಮೊದಲು ಮುಳ್ಳು ತೆಗೆಯಬೇಕು. ನಾರು ಕುಂಚದ ಹಾಗೆ ಬಿಚ್ಚಿಕೊಳ್ಳುವವರೆಗೆ ಅಗಿದು, ಪೆನ್ನಿನಂತೆ ಹಿಡಿದು ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ಮೆಲ್ಲಗೆ ಎಳೆಯಬೇಕು. ಕಹಿ ರಸ ನುಂಗದೆ ಉಗಿಯಬೇಕು. ಕೊನೆಗೆ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಬಗ್ಗಿಸಿ ನಾಲಿಗೆ ಕೆರೆದು ಎಸೆಯುವುದು. ನಮ್ಮಜ್ಜಿ ಮಾಡುತ್ತಿದ್ದದ್ದೂ ಇದೇ.

ಮಿಸ್ವಾಕ್ ಆದರೆ ಸ್ವಲ್ಪ ಹೊತ್ತು ಶುದ್ಧ ನೀರಲ್ಲಿ ನೆನೆಸಬೇಕು. ಬಳಸಿದ ನಾರನ್ನು ದಿನಾ ಕತ್ತರಿಸಿ, ಹೊಸ ತುದಿ ಬಿಚ್ಚಬೇಕು. ಹಳೇ ನಾರಿನಲ್ಲಿ ಎಂಜಲು, ರೋಗಾಣು ಎರಡೂ ಉಳಿಯುತ್ತವೆ. ಒದ್ದೆ ಕಡ್ಡಿಯನ್ನು ಪ್ಲಾಸ್ಟಿಕ್‌ನಲ್ಲಿ ಮುಚ್ಚಿದರೆ ಬೂಸ್ಟು ಹಿಡಿಯುತ್ತದೆ, ಗಾಳಿಗಿಡಿ. ಒಬ್ಬರ ಕಡ್ಡಿ ಇನ್ನೊಬ್ಬರಿಗೆ ಬೇಡ.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಮಿಸ್ವಾಕ್ ಬಳಕೆಯನ್ನು ಪ್ರೋತ್ಸಾಹಿಸಿತು. 2000ದಲ್ಲಿ ಬಾಯಿಯ ಸ್ವಚ್ಛತೆ ಕುರಿತ ಅಂತರರಾಷ್ಟ್ರೀಯ ವರದಿಯೊಂದು ಇನ್ನಷ್ಟು ಅಧ್ಯಯನ ಬೇಕು ಎಂದಿತು. ದವಡೆ ಹಲ್ಲಿನ ಒಳಬದಿಗೆ ಕಡ್ಡಿ ಸರಿಯಾಗಿ ತಲುಪುವುದಿಲ್ಲ, ಹುಳುಕು ತಡೆಯುವಷ್ಟು ಫ್ಲೋರೈಡ್ ಕೂಡ ಸಿಗುವುದಿಲ್ಲ. ಅದಕ್ಕೆ ರಾತ್ರಿ ನಾನು ಬ್ರಷ್ಷು, ಫ್ಲೋರೈಡ್ ಪೇಸ್ಟು ಬಿಟ್ಟಿಲ್ಲ.